197 ಪರ್ಸೆಂಟ್ ಎಲ್ಲಿಂದ ಬಂತು?

2012ರ ಸೆಪ್ಟೆಂಬರ್‌ನಲ್ಲಿ ಮುಗಿದ ಹಣಕಾಸು ವರ್ಷದಲ್ಲಿ ಆ್ಯಪಲ್ ಕಂಪನಿಯ ಆರ್‌ಓಇ, ಅಂದ್ರೆ ರಿಟರ್ನ್ ಆನ್ ಈಕ್ವಿಟಿ, ಸುಮಾರು 35 ಪರ್ಸೆಂಟ್ ಇತ್ತು. ಹತ್ತು ವರ್ಷ ಬಿಟ್ಟು 2022ರ ಲೆಕ್ಕ ಹಾಕಿದರೆ ಅದೇ ಸಂಖ್ಯೆ 197 ಪರ್ಸೆಂಟ್! ಐದೂವರೆ ಪಟ್ಟು ಹೆಚ್ಚಾಯ್ತು. ಹಾಗಾದರೆ ಆ್ಯಪಲ್ ಐದೂವರೆ ಪಟ್ಟು ಒಳ್ಳೆ ಕಂಪನಿ ಆಯ್ತಾ? ಫೋನ್ ಮೇಲೆ ಸಿಗುವ ಲಾಭ ಅಷ್ಟು ಜಾಸ್ತಿ ಆಯ್ತಾ? ಇಲ್ಲ. ಸ್ವಲ್ಪ ಹೊತ್ತಿನಲ್ಲಿ ನೋಡ್ತೀವಿ, ಲಾಭದ ಮಾರ್ಜಿನ್ ಆ ಹತ್ತು ವರ್ಷದಲ್ಲಿ ಒಂಚೂರು ಕಡಿಮೆಯೇ ಆಗಿದೆ.

ಹಾಸ್ಟೆಲ್‌ನಲ್ಲಿ ಈಗ ರೂಮಿಗೊಬ್ಬರಾದ್ರೂ ಡಿಮ್ಯಾಟ್ ಅಕೌಂಟ್ ತೆಗೆದಿರುತ್ತಾರೆ. ಶೇರು ಹುಡುಕುವಾಗ ಬಹಳಷ್ಟು ಜನ ಮೊದಲು ಹಾಕುವ ಫಿಲ್ಟರ್ ‘ಆರ್‌ಓಇ 20 ಪರ್ಸೆಂಟ್‌ಗಿಂತ ಹೆಚ್ಚು’. ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ದುಡ್ಡು ಈ ಒಂದು ಸಂಖ್ಯೆ ನಂಬಿಕೊಂಡು ಹೋಗುತ್ತೆ. ಅದಕ್ಕೇ ಈ ಸಂಖ್ಯೆಯನ್ನು ಬಿಚ್ಚಿ ಒಳಗೆ ಏನಿದೆ ಅಂತ ನೋಡೋಣ ಅನ್ನಿಸ್ತು. ಬಿಚ್ಚೋದಕ್ಕೆ ನೂರು ವರ್ಷ ಹಳೆಯ ಸ್ಕ್ರೂಡ್ರೈವರ್ ಒಂದಿದೆ, ಅದರ ಹೆಸರು ಡ್ಯುಪಾಂಟ್ ವಿಧಾನ.

ಆರ್‌ಓಇ ಅಂದ್ರೆ ಸರಳ. ವರ್ಷದ ನಿವ್ವಳ ಲಾಭವನ್ನು ಮಾಲೀಕರ ಸ್ವಂತ ಬಂಡವಾಳದಿಂದ ಭಾಗಿಸೋದು. ಸ್ವಂತ ಬಂಡವಾಳ, ಅಂದ್ರೆ ಈಕ್ವಿಟಿ, ಕಂಪನಿಯ ಎಲ್ಲಾ ಆಸ್ತಿಯಿಂದ ಬೇರೆಯವರಿಗೆ ಕೊಡಬೇಕಾದ್ದನ್ನೆಲ್ಲ ಕಳೆದರೆ ಉಳಿಯೋದು. ಈ ಭಾಗಾಕಾರದ ನಡುವೆ ಮಾರಾಟ ಮತ್ತು ಆಸ್ತಿ ಎರಡನ್ನೂ ಮೇಲೊಮ್ಮೆ ಕೆಳಗೊಮ್ಮೆ ತೂರಿಸಿದರೆ ಮೂರು ತುಂಡು ಸಿಗುತ್ತೆ:

```
ಲಾಭ      ಲಾಭ       ಮಾರಾಟ     ಆಸ್ತಿ
------ = ------- × ------- × ------
ಈಕ್ವಿಟಿ   ಮಾರಾಟ      ಆಸ್ತಿ      ಈಕ್ವಿಟಿ
```

ಗಣಿತದಲ್ಲಿ ಇಲ್ಲಿ ಏನೂ ನಡೆದಿಲ್ಲ. ಮಾರಾಟ ಮಾರಾಟಕ್ಕೆ ಕ್ಯಾನ್ಸಲ್, ಆಸ್ತಿ ಆಸ್ತಿಗೆ ಕ್ಯಾನ್ಸಲ್. ಆದರೆ ಬಲಗಡೆಯ ಮೂರು ತುಂಡು ಮೂರು ಬೇರೆ ಪ್ರಶ್ನೆ ಕೇಳುತ್ತವೆ. ಮೊದಲನೆಯದು ಮಾರ್ಜಿನ್: ನೂರು ರೂಪಾಯಿ ಮಾರಿದರೆ ಕೈಯಲ್ಲಿ ಎಷ್ಟು ಉಳಿಯುತ್ತೆ? ಎರಡನೆಯದು ಅಸೆಟ್ ಟರ್ನೋವರ್: ನೂರು ರೂಪಾಯಿ ಆಸ್ತಿ ಇಟ್ಟುಕೊಂಡು ವರ್ಷಕ್ಕೆ ಎಷ್ಟು ಮಾರ್ತೀವಿ? (ನಮ್ಮ ಪೇಟೆಯಲ್ಲಿ ‘ಟರ್ನೋವರ್ ಎಷ್ಟಪ್ಪಾ’ ಅಂದ್ರೆ ವರ್ಷದ ಒಟ್ಟು ವಹಿವಾಟು ಎಷ್ಟು ಅಂತ. ಇಲ್ಲಿ ಹಾಗಲ್ಲ, ಇದು ಅನುಪಾತ.) ಮೂರನೆಯದು ಲೆವರೇಜ್: ಮಾಲೀಕರ ಒಂದು ರೂಪಾಯಿಯ ಮೇಲೆ ಎಷ್ಟು ರೂಪಾಯಿಯ ಆಸ್ತಿ ನಿಂತಿದೆ? ಅದು 1 ಆಗಿದ್ದರೆ ಎಲ್ಲಾ ಸ್ವಂತ ದುಡ್ಡು. 3 ಆಗಿದ್ದರೆ ಒಂದು ರೂಪಾಯಿ ಸ್ವಂತದ್ದು, ಎರಡು ರೂಪಾಯಿ ಬೇರೆಯವರದು. ಫಿಸಿಕ್ಸ್‌ನಲ್ಲಿ ಓದಿದ ಸನ್ನೆಗೋಲಿನ ಹೆಸರೇ ಇದಕ್ಕೂ ಬಂದಿರೋದು, ಕೆಲಸವೂ ಹೆಚ್ಚುಕಮ್ಮಿ ಅದೇ.

ಈ ವಿಧಾನ ಹುಟ್ಟಿಸಿದವರು ಎಲೆಕ್ಟ್ರಿಕಲ್ ಬ್ರಾಂಚಿನವರು ಅನ್ನೋದು ನಮಗೆ ಖುಷಿ ಕೊಟ್ಟ ವಿಷಯ. ಡೊನಾಲ್ಡ್‌ಸನ್ ಬ್ರೌನ್ ಅಮೆರಿಕದ ವರ್ಜೀನಿಯಾದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1909ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಫೋಟಕಗಳ ಮಾರಾಟ ವಿಭಾಗಕ್ಕೆ ಸೇರಿದರು. ಆಮೇಲೆ ಅದೇ ಕಂಪನಿಯ ಹಣಕಾಸು ಕಡೆಗೆ ಹೋದರು. ಕಂಪನಿಯ ಒಂದೊಂದು ವಿಭಾಗವೂ ಒಂದೊಂದು ಥರ. ಕಡಿಮೆ ಮಾರ್ಜಿನ್‌ನಲ್ಲಿ ಜೋರಾಗಿ ಮಾರೋದು ಒಂದು, ಹೆಚ್ಚು ಮಾರ್ಜಿನ್ ಇಟ್ಟು ನಿಧಾನಕ್ಕೆ ಮಾರೋದು ಇನ್ನೊಂದು. ಬರೀ ಮಾರ್ಜಿನ್ ನೋಡಿದರೆ ಎರಡನೆಯದೇ ಒಳ್ಳೇದು ಅನ್ನಿಸಿಬಿಡುತ್ತೆ. ಬ್ರೌನ್ ಮಾರ್ಜಿನ್ನನ್ನೂ ಟರ್ನೋವರನ್ನೂ ಗುಣಿಸಿ, ಹಾಕಿದ ಬಂಡವಾಳಕ್ಕೆ ಎಷ್ಟು ಬಂತು ಅಂತ ಒಂದೇ ಅಳತೆಗೆ ತಂದರು. 1921ರಲ್ಲಿ ಅವರು ಜನರಲ್ ಮೋಟಾರ್ಸ್‌ಗೆ ಹೋದಾಗ ಈ ಪದ್ಧತಿಯೂ ಜೊತೆಗೆ ಹೋಯ್ತು. ಗಮನಿಸಿ, ಬ್ರೌನ್ ಅವರ ಸೂತ್ರದಲ್ಲಿ ಇದ್ದದ್ದು ಎರಡೇ ತುಂಡು. ಲೆವರೇಜ್ ಆಮೇಲೆ ಸೇರಿಕೊಂಡದ್ದು. ಕಥೆ ಕೆಡೋದು ಸಾಮಾನ್ಯವಾಗಿ ಈ ಮೂರನೇ ತುಂಡಿನಲ್ಲೇ, ಹಾಗಾಗಿ ಅದನ್ನು ಮೊದಲು ಸಣ್ಣ ಲೆಕ್ಕದಲ್ಲಿ ನೋಡೋಣ.

ಕಾಲೇಜು ಗೇಟಿನ ಎದುರು ಒಂದು ಝೆರಾಕ್ಸ್ ಅಂಗಡಿ ಅಂತ ಇಟ್ಕೊಳ್ಳಿ. ಮೆಷಿನ್ನು, ಪೇಪರ್ ಸ್ಟಾಕು, ಅಡ್ವಾನ್ಸು ಎಲ್ಲಾ ಸೇರಿ ನಾಲ್ಕು ಲಕ್ಷದ ಆಸ್ತಿ. ಎರಡು ಲಕ್ಷ ಅಂಗಡಿಯವರ ಸ್ವಂತದ್ದು, ಎರಡು ಲಕ್ಷ ಬ್ಯಾಂಕ್ ಸಾಲ. ವರ್ಷಕ್ಕೆ ಎಂಟು ಲಕ್ಷದ ವ್ಯಾಪಾರ, ಬಡ್ಡಿ ಬಾಡಿಗೆ ಎಲ್ಲಾ ಕಳೆದು 40,000 ಲಾಭ. ಮಾರ್ಜಿನ್ 5 ಪರ್ಸೆಂಟ್, ಟರ್ನೋವರ್ 2, ಲೆವರೇಜ್ 2. ಗುಣಿಸಿದರೆ ಆರ್‌ಓಇ 20 ಪರ್ಸೆಂಟ್.

ಈಗ ಅಂಗಡಿಯವರು ಬ್ಯಾಂಕಿಗೆ ಹೋಗಿ 10 ಪರ್ಸೆಂಟ್ ಬಡ್ಡಿಗೆ ಇನ್ನೊಂದು ಲಕ್ಷ ಸಾಲ ತಂದು, ಆ ದುಡ್ಡನ್ನು ಅಂಗಡಿಗೆ ಹಾಕದೆ ಮನೆಗೆ ತಗೊಂಡು ಹೋದರು ಅಂದ್ಕೊಳ್ಳಿ. ಅಂಗಡಿಯಲ್ಲಿ ಒಂದು ಹೊಸ ಮೊಳೆ ಕೂಡ ಹೊಡೆದಿಲ್ಲ. ಆಸ್ತಿ ಅದೇ ನಾಲ್ಕು ಲಕ್ಷ, ಆದರೆ ಸಾಲ ಮೂರು ಲಕ್ಷ, ಸ್ವಂತದ್ದು ಒಂದೇ ಲಕ್ಷ. ಬಡ್ಡಿ 10,000 ಹೆಚ್ಚಾಗಿ ಲಾಭ 30,000ಕ್ಕೆ ಇಳಿಯಿತು, ಮಾರ್ಜಿನ್ 3.75 ಪರ್ಸೆಂಟ್ ಆಯ್ತು. ಟರ್ನೋವರ್ 2 ಹಾಗೇ ಇದೆ. ಲೆವರೇಜ್ 4. ಗುಣಿಸಿ ನೋಡಿ: 30 ಪರ್ಸೆಂಟ್! ಲಾಭ ಕಡಿಮೆಯಾಗಿದೆ, ಆರ್‌ಓಇ ಜಾಸ್ತಿಯಾಗಿದೆ.

ಇದರ ಬೆಲೆ ಗೊತ್ತಾಗೋದು ಕೆಟ್ಟ ವರ್ಷದಲ್ಲಿ. ಯಾವುದೋ ಕಾರಣಕ್ಕೆ ಗಳಿಕೆ 35,000 ಕಡಿಮೆ ಆಯ್ತು ಅಂತ ಇಟ್ಕೊಂಡ್ರೆ, ಮೊದಲಿನ ಅಂಗಡಿ 5,000 ಲಾಭದಲ್ಲಿ ಹೇಗೋ ನಿಲ್ಲುತ್ತೆ. ಎರಡನೆಯದು 5,000 ನಷ್ಟಕ್ಕೆ ಇಳಿಯುತ್ತೆ, ಉಳಿದಿದ್ದ ಒಂದು ಲಕ್ಷವನ್ನೂ ತಿನ್ನೋಕೆ ಶುರು ಮಾಡುತ್ತೆ. ಮತ್ತೊಂದು ಸೂಕ್ಷ್ಮವೂ ಇಲ್ಲಿದೆ. ಸೂತ್ರ ನೋಡಿದರೆ ಮೂರು ತುಂಡು ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಬ್‌ಗಳ ಥರ ಕಾಣುತ್ತೆ. ಆದರೆ ಲೆವರೇಜ್ ನಾಬ್ ತಿರುಗಿಸಿದಾಗ ಬಡ್ಡಿಯ ಮೂಲಕ ಮಾರ್ಜಿನ್ ನಾಬ್ ಕೂಡ ಸ್ವಲ್ಪ ಹಿಂದಕ್ಕೆ ತಿರುಗಿತು ಅಲ್ವಾ? ಅವು ಒಳಗೆ ಒಂದೇ ದಾರಕ್ಕೆ ಕಟ್ಟಿದವು.

ಈಗ ಆ್ಯಪಲ್. ಸಂಖ್ಯೆಗಳು ಬಿಲಿಯನ್ ಡಾಲರ್‌ನಲ್ಲಿವೆ, ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿ ಇರುವವು. 2012ರಲ್ಲಿ ಮಾರಾಟ 156.5, ನಿವ್ವಳ ಲಾಭ 41.7, ಒಟ್ಟು ಆಸ್ತಿ 176.1, ಈಕ್ವಿಟಿ 118.2. ಮಾರ್ಜಿನ್ 26.7 ಪರ್ಸೆಂಟ್, ಟರ್ನೋವರ್ 0.89, ಲೆವರೇಜ್ 1.49. 2022ರಲ್ಲಿ ಮಾರಾಟ 394.3, ಲಾಭ 99.8, ಆಸ್ತಿ 352.8, ಈಕ್ವಿಟಿ 50.7. ಮಾರ್ಜಿನ್ 25.3 ಪರ್ಸೆಂಟ್, ಟರ್ನೋವರ್ 1.12, ಲೆವರೇಜ್ 6.96.

ಕಣ್ಣಿಗೇ ಕಾಣುತ್ತೆ, ಹಾರಿದ್ದು ಮೂರನೆಯದು. ಆದರೆ ‘ಎಷ್ಟು ಪಾಲು’ ಅಂತ ನಿಖರವಾಗಿ ಹೇಳಬೇಕಂದ್ರೆ ನಮಗೆ ಗೊತ್ತಿರೋ ಒಂದು ಉಪಾಯ ಇದೆ. ಗುಣಾಕಾರ ಇರುವ ಕಡೆ ಲಾಗ್ ತಗೊಂಡರೆ ಅದು ಕೂಡಿಸೋ ಲೆಕ್ಕ ಆಗುತ್ತೆ. ಅಂಪ್ಲಿಫೈಯರ್ ಸ್ಟೇಜ್‌ಗಳ ಗೇನನ್ನು ಡೆಸಿಬೆಲ್‌ಗೆ ತಿರುಗಿಸಿ ಕೂಡಿಸ್ತೀವಲ್ಲ, ಹಾಗೇ. ಪ್ರತಿ ತುಂಡಿನ ಹೊಸ ಬೆಲೆಯನ್ನು ಹಳೆಯ ಬೆಲೆಯಿಂದ ಭಾಗಿಸಿ ಲಾಗ್ ತೆಗೆದು, ಒಟ್ಟಿನಲ್ಲಿ ಅದರ ಪಾಲು ಎಷ್ಟು ಅಂತ ನೋಡಿದರೆ ಆಯ್ತು.

```python
from math import log
a = (41.733/156.508, 156.508/176.064, 176.064/118.210)
b = (99.803/394.328, 394.328/352.755, 352.755/50.672)
d = [log(y/x) for x, y in zip(a, b)]
print([round(100*v/sum(d), 1) for v in d])
```

ಬರುವ ಉತ್ತರ `[-3.0, 13.3, 89.7]`. ಆರ್‌ಓಇ ಏರಿಕೆಯಲ್ಲಿ ಸುಮಾರು 90 ಪರ್ಸೆಂಟ್ ಲೆವರೇಜಿನದು, 13 ಪರ್ಸೆಂಟ್ ಟರ್ನೋವರಿನದು, ಮಾರ್ಜಿನ್ 3 ಪರ್ಸೆಂಟ್ ಹಿಂದಕ್ಕೆ ಎಳೆದಿದೆ.

ಲೆವರೇಜ್ ಅಷ್ಟು ಹೇಗೆ ಏರಿತು? ಲಾಭ ಎರಡೂವರೆ ಪಟ್ಟು ಆದ ಕಂಪನಿಯ ಈಕ್ವಿಟಿ 118ರಿಂದ 51ಕ್ಕೆ ಇಳಿದದ್ದಾದರೂ ಹೇಗೆ? ಉತ್ತರ ಬೈಬ್ಯಾಕ್. 2012ರಲ್ಲಿ ಆ್ಯಪಲ್ ಹತ್ತಿರ ಸುಮಾರು 121 ಬಿಲಿಯನ್ ನಗದು ಮತ್ತು ಬಾಂಡುಗಳು ಸುಮ್ಮನೆ ಕೂತಿದ್ದವು, ಸಾಲ ಅನ್ನೋದು ಇರಲಿಲ್ಲ. 1995ರಲ್ಲಿ ನಿಂತಿದ್ದ ಡಿವಿಡೆಂಡ್ ಆ ವರ್ಷ ಮತ್ತೆ ಶುರುವಾಯ್ತು. ಮುಂದಿನ ವರ್ಷದಿಂದ ಕಂಪನಿ ತನ್ನದೇ ಶೇರುಗಳನ್ನು ಮಾರುಕಟ್ಟೆಯಿಂದ ವಾಪಸ್ ಕೊಳ್ಳೋಕೆ ಶುರು ಮಾಡಿತು. 2013ರ ಏಪ್ರಿಲ್‌ನಲ್ಲಿ 17 ಬಿಲಿಯನ್ ಸಾಲವನ್ನೂ ಎತ್ತಿತು. ಕೈಯಲ್ಲಿ ಅಷ್ಟು ದುಡ್ಡಿದ್ದೂ ಸಾಲ ಯಾಕೆ ಅಂತ ಕೇಳಬಹುದು. ದುಡ್ಡಿನ ದೊಡ್ಡ ಪಾಲು ಅಮೆರಿಕದ ಹೊರಗಿತ್ತು, ಒಳಗೆ ತಂದರೆ ಭಾರಿ ತೆರಿಗೆ ಬೀಳುತ್ತಿತ್ತು, ಸಾಲದ ಬಡ್ಡಿ ಅದಕ್ಕಿಂತ ಅಗ್ಗ. 2022ರ ಹೊತ್ತಿಗೆ ಸಾಲ ಸುಮಾರು 120 ಬಿಲಿಯನ್ ಆಗಿತ್ತು, ಬೈಬ್ಯಾಕ್‌ಗೆ ಹೋದ ಮೊತ್ತ 500 ಬಿಲಿಯನ್ ದಾಟಿತ್ತು. ಬೈಬ್ಯಾಕ್ ಮಾಡಿದಾಗ ಬ್ಯಾಲೆನ್ಸ್ ಶೀಟಿನ ಒಂದು ಕಡೆ ನಗದು ಇಳಿಯುತ್ತೆ, ಇನ್ನೊಂದು ಕಡೆ ಅಷ್ಟೇ ಈಕ್ವಿಟಿ ಇಳಿಯುತ್ತೆ. ಅಂದ್ರೆ ನಮ್ಮ ಝೆರಾಕ್ಸ್ ಅಂಗಡಿಯವರು ಮನೆಗೆ ದುಡ್ಡು ತಗೊಂಡು ಹೋದದ್ದೇ, ಸೊನ್ನೆಗಳು ಜಾಸ್ತಿ ಅಷ್ಟೆ.

ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತೆ ಅಂತ ನಾವು ಉಲ್ಟಾ ಲೆಕ್ಕವೊಂದನ್ನು ಹಾಕಿ ನೋಡಿದೆವು. 2013ರಿಂದ 2022ರವರೆಗೆ ಆ್ಯಪಲ್‌ನ ಹತ್ತು ವರ್ಷದ ಲಾಭ ಕೂಡಿಸಿದರೆ ಸುಮಾರು 591 ಬಿಲಿಯನ್. ಡಿವಿಡೆಂಡೂ ಇಲ್ಲ, ಬೈಬ್ಯಾಕೂ ಇಲ್ಲ, ಎಲ್ಲಾ ಒಳಗೇ ಇಟ್ಟುಕೊಂಡಿದ್ದರೆ ಈಕ್ವಿಟಿ ಹತ್ತಿರ ಹತ್ತಿರ 709 ಬಿಲಿಯನ್ ಆಗಿರುತ್ತಿತ್ತು. ಅದೇ 99.8 ಬಿಲಿಯನ್ ಲಾಭವನ್ನು ಅದರಿಂದ ಭಾಗಿಸಿದರೆ ಆರ್‌ಓಇ ಬರೀ 14 ಪರ್ಸೆಂಟ್! ಕೂತ ದುಡ್ಡಿಗೆ ಬರುವ ಬಡ್ಡಿ ಸೇರಿಸಿದರೆ ಒಂದೋ ಎರಡೋ ಪಾಯಿಂಟ್ ಹೆಚ್ಚಬಹುದು. ಅದೇ ಐಫೋನು, ಅದೇ ಚಿಪ್ಪು, ಅದೇ ಗಿರಾಕಿಗಳು. ದುಡ್ಡು ಹಂಚಿದರೆ 197, ಹಂಚದಿದ್ದರೆ 14. ನಿಮ್ಮ 20 ಪರ್ಸೆಂಟ್ ಫಿಲ್ಟರ್ ಒಂದು ಆ್ಯಪಲನ್ನು ಕುಣಿಯುತ್ತಾ ಒಳಗೆ ಬಿಡುತ್ತೆ, ಇನ್ನೊಂದನ್ನು ಬಾಗಿಲಲ್ಲೇ ನಿಲ್ಲಿಸುತ್ತೆ.

ಹಾಗಂತ ಆ್ಯಪಲ್ ಮೋಸ ಮಾಡಿತು ಅಂತಲ್ಲ. ಬೇಡದ ದುಡ್ಡನ್ನು ಮಾಲೀಕರಿಗೆ ವಾಪಸ್ ಕೊಟ್ಟದ್ದು ಸರಿಯಾದ ಕೆಲಸ ಅಂತಲೇ ನಮ್ಮ ಅನಿಸಿಕೆ. ವ್ಯಾಪಾರ ನಿಜವಾಗಿ ಸುಧಾರಿಸಿತಾ ಅನ್ನೋದಕ್ಕೆ ಮೊದಲಿನ ಎರಡು ತುಂಡು, ಅಂದ್ರೆ ಬ್ರೌನ್ ಅವರ ಹಳೆಯ ಸೂತ್ರ, ಉತ್ತರ ಕೊಡುತ್ತೆ. ಆಸ್ತಿಯ ಮೇಲಿನ ಗಳಿಕೆ 23.7ರಿಂದ 28.3 ಪರ್ಸೆಂಟ್‌ಗೆ ಏರಿದೆ. ಒಳ್ಳೆ ಏರಿಕೆ, ಆದರೆ ಐದೂವರೆ ಪಟ್ಟು ಅಲ್ಲ. ಇನ್ನೊಂದು ತಪ್ಪು ಓದು ಬಹಳ ಸಾಮಾನ್ಯ: ‘ಆರ್‌ಓಇ 197 ಇದೆ, ಅಂದ್ರೆ ಕಂಪನಿಯೊಳಗೆ ಒಂದು ಡಾಲರ್ ಬಿಟ್ಟರೆ ವರ್ಷಕ್ಕೆ ಎರಡು ಡಾಲರ್ ದುಡಿಯುತ್ತೆ’. ಹಾಗೆ ದುಡಿಯೋ ಹಾಗಿದ್ದರೆ ಯಾವ ಕಂಪನಿಯಾದ್ರೂ 500 ಬಿಲಿಯನ್ ಹೊರಗೆ ಕೊಡುತ್ತಿತ್ತಾ? ಒಳಗೆ ಹಾಕೋಕೆ ಜಾಗ ಇಲ್ಲದ್ದರಿಂದಲೇ ಕೊಟ್ಟದ್ದು.

ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಕೆಲವು ಕಡೆ ಆ್ಯಪಲ್‌ನ 2022ರ ಆರ್‌ಓಇ 197 ಅಂತ ಇರುತ್ತೆ, ಕೆಲವು ಕಡೆ 175 ಅಂತ. ಎರಡೂ ಸರಿಯೇ. ಮೊದಲನೆಯದು ವರ್ಷದ ಕೊನೆಯ ಈಕ್ವಿಟಿಯಿಂದ ಭಾಗಿಸಿದ್ದು, ಎರಡನೆಯದು ಹಿಂದಿನ ವರ್ಷದ 63.1 ಮತ್ತು ಈ ವರ್ಷದ 50.7ರ ಸರಾಸರಿಯಿಂದ. ಲಾಭ ಇಡೀ ವರ್ಷ ಹರಿದು ಬರುವುದು, ಬ್ಯಾಲೆನ್ಸ್ ಶೀಟು ಒಂದು ದಿನದ ಫೋಟೋ. ಹಾಗಾಗಿ ಸರಾಸರಿ ಹೆಚ್ಚು ನ್ಯಾಯ. ಯಾವುದನ್ನೇ ತಗೊಳ್ಳಿ, ಟರ್ನೋವರಿಗೆ ಸರಾಸರಿ ಆಸ್ತಿ, ಲೆವರೇಜಿಗೆ ಕೊನೆಯ ದಿನದ ಆಸ್ತಿ ಅಂತ ಬೆರೆಸಬೇಡಿ. ಆಸ್ತಿ ಆಸ್ತಿಗೆ ಕ್ಯಾನ್ಸಲ್ ಆಗೋದೇ ಇಲ್ಲ, ಮೂರನ್ನೂ ಗುಣಿಸಿದಾಗ ಬರೋದು ಆರ್‌ಓಇ ಅಲ್ಲ. ನಮ್ಮ ದೇಶದ ಕಂಪನಿಗಳ ವಾರ್ಷಿಕ ವರದಿಯಲ್ಲಿ ಈಕ್ವಿಟಿ ಎರಡು ಸಾಲಾಗಿ ಇರುತ್ತೆ: ಶೇರು ಬಂಡವಾಳ ಒಂದು, ‘ಅದರ್ ಈಕ್ವಿಟಿ’ ಇನ್ನೊಂದು. ಎರಡನ್ನೂ ಕೂಡಿಸಬೇಕು. ಮೊದಲ ಸಾಲು ಮಾತ್ರ ತಗೊಂಡರೆ ಬೀದಿ ಬದಿಯ ಕಂಪನಿಗೂ ಸಾವಿರ ಪರ್ಸೆಂಟ್ ಬರುತ್ತೆ. ಹಾಗೇ ಬ್ಯಾಂಕುಗಳನ್ನು ಈ ಆಟದಿಂದ ಹೊರಗಿಡಿ. ಬೇರೆಯವರ ಡೆಪಾಸಿಟ್ಟೇ ಅವರ ಕಚ್ಚಾ ಮಾಲು, ಲೆವರೇಜ್ ಹತ್ತರ ಆಸುಪಾಸು ಇರೋದು ಅಲ್ಲಿ ಮಾಮೂಲು.

ಲೆವರೇಜ್ ಕಟ್ಟಿದ ಆರ್‌ಓಇ ಎಲ್ಲಾ ಕಡೆ ಆ್ಯಪಲ್‌ನಷ್ಟು ಸುಖಾಂತ್ಯ ಕಾಣೋದಿಲ್ಲ. 737 ಮ್ಯಾಕ್ಸ್ ವಿಮಾನ ಗೊತ್ತಲ್ಲ, ಅದನ್ನು ಮಾಡುವ ಬೋಯಿಂಗ್ ಕಂಪನಿ 2013ರಿಂದ 2019ರ ನಡುವೆ 40 ಬಿಲಿಯನ್ ಡಾಲರ್‌ಗೂ ಹೆಚ್ಚು ಹಣವನ್ನು ಬೈಬ್ಯಾಕ್‌ಗೆ ಹಾಕಿತು. 2018ರ ಲೆಕ್ಕ ನೋಡಿ. ಮಾರಾಟ 101 ಬಿಲಿಯನ್, ಲಾಭ 10.5 ಬಿಲಿಯನ್, ಆಸ್ತಿ 117 ಬಿಲಿಯನ್. ಮಾರ್ಜಿನ್ 10 ಪರ್ಸೆಂಟ್, ಟರ್ನೋವರ್ 0.86, ಎರಡೂ ಸಾಧಾರಣ. ಆದರೆ ಶೇರುದಾರರ ಈಕ್ವಿಟಿ ಎಷ್ಟು ಉಳಿದಿತ್ತು ಗೊತ್ತಾ? ಬಿಲಿಯನ್ ಅಲ್ಲ, ಸುಮಾರು 339 ಮಿಲಿಯನ್. ಲೆವರೇಜ್ 346, ಆರ್‌ಓಇ ಮೂರು ಸಾವಿರ ಪರ್ಸೆಂಟ್! ಫಿಲ್ಟರ್ ಪ್ರಕಾರ ಭೂಮಿಯ ಮೇಲಿನ ಅತ್ಯುತ್ತಮ ಕಂಪನಿಗಳಲ್ಲಿ ಒಂದು.

ಮೊದಲ ಮ್ಯಾಕ್ಸ್ 2018ರ ಅಕ್ಟೋಬರ್‌ನಲ್ಲೇ ಇಂಡೋನೇಷ್ಯಾದ ಸಮುದ್ರಕ್ಕೆ ಬಿದ್ದಿತ್ತು. ಎರಡನೆಯದು 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಬಿತ್ತು. ಎರಡರಲ್ಲೂ ಸೇರಿ 346 ಜನ ಹೋದರು. (ಲೆವರೇಜಿನ ಸಂಖ್ಯೆಯೂ ಅದೇ ಆಗಿರೋದು ಬರೀ ಕಾಕತಾಳೀಯ, ಆದರೂ ಬರೆಯುವಾಗ ಕೈ ತಡೆಯಿತು.) ವಿಮಾನಗಳು ಜಗತ್ತಿನಾದ್ಯಂತ ನೆಲಕ್ಕೆ ನಿಂತವು, ಮರುವರ್ಷ ಕೊರೊನಾ ಬಂತು. ಅಪಘಾತಕ್ಕೆ ಕಾರಣ ಬೈಬ್ಯಾಕ್ ಅಂತ ಈ ಲೆಕ್ಕದಿಂದ ಹೇಳೋಕಾಗಲ್ಲ. ಹೇಳಬಹುದಾದದ್ದು ಇಷ್ಟು: ಪೆಟ್ಟು ಬಿದ್ದಾಗ ತಡೆದುಕೊಳ್ಳೋಕೆ ಮೆತ್ತೆಯೇ ಇರಲಿಲ್ಲ. ಈಕ್ವಿಟಿ ಸೊನ್ನೆಗಿಂತ ಕೆಳಗೆ ಹೋಯ್ತು, 2018ರ ಕೊನೆಗೆ ಸುಮಾರು 14 ಬಿಲಿಯನ್ ಇದ್ದ ಸಾಲ 2020ರ ಕೊನೆಗೆ 64 ಬಿಲಿಯನ್ ಹತ್ತಿರ ಹೋಯ್ತು.

2022ರಲ್ಲಿ ಬೋಯಿಂಗ್‌ಗೆ ಸುಮಾರು 4.9 ಬಿಲಿಯನ್ ನಷ್ಟ, ಈಕ್ವಿಟಿ ಮೈನಸ್ 15.9 ಬಿಲಿಯನ್. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿ ನೋಡಿ: ಪ್ಲಸ್ 31 ಪರ್ಸೆಂಟ್. ಎಕ್ಸೆಲ್ ಶೀಟು ಏನೂ ಅನ್ನಲ್ಲ, 20ರ ಫಿಲ್ಟರೂ ಏನೂ ಅನ್ನದೆ ಪಾಸ್ ಮಾಡಬಹುದು. ಮೂರು ತುಂಡು ಮಾಡಿ ಇಟ್ಟರೆ ಮಾತ್ರ ಮಾರ್ಜಿನ್ ಮುಂದೆ ಒಂದು ಮೈನಸ್, ಲೆವರೇಜ್ ಮುಂದೆ ಇನ್ನೊಂದು ಮೈನಸ್ ಕಣ್ಣಿಗೆ ಬೀಳುತ್ತೆ. ಈಕ್ವಿಟಿ ಸೊನ್ನೆಯ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಇರುವಾಗ ಆರ್‌ಓಇಗೆ ಅರ್ಥವೇ ಇಲ್ಲ, ಅಲ್ಲಿ ಮೊದಲ ಎರಡು ತುಂಡು ಮಾತ್ರ ಓದಬೇಕು.